ಮೂಡಲ್‌ಗೆ ಹಾಕಿದ ಪಾಠವನ್ನು ನಮ್ಮ ಮಾತಲ್ಲಿ ಬರೆದರೂ ಸೈಟೇಶನ್ ಬೇಕಾ?

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯಿಂದ ಇಂಗ್ಲೆಂಡಿಗೆ ಮಾಸ್ಟರ್ಸ್ ಓದಲು ಬರುವವರು ನನ್ನನ್ನು ಹೆಚ್ಚಾಗಿ ಕೇಳುವುದು ಇದನ್ನೇ. ಕೋರ್ಸಿನ ವೆಬ್‌ಸೈಟ್ ಆದ ಮೂಡಲ್‌ನಲ್ಲಿ ಓದೋಕೆ ಪಿಡಿಎಫ್ ಹಾಕಿದವರು ಲೆಕ್ಚರರ್, ಪೇಪರ್ ತಿದ್ದುವವರೂ ಅವರೇ. ಅದು ಎಲ್ಲಿಂದ ಬಂತು ಅಂತ ಅವರಿಗೆ ಗೊತ್ತೇ ಇದೆ, ಮತ್ತೆ ಯಾಕೆ ಹೇಳಬೇಕು? ಊರಲ್ಲಿ ನೋಟ್ಸ್ ಓದಿ ಪರೀಕ್ಷೆ ಬರೆದು ಬಂದವರಿಗೆ ಹೀಗೆ ಅನ್ನಿಸುವುದು ಸಹಜ. ಆದರೆ ಹ್ಯಾಂಡ್‌ಬುಕ್ಕಿನಲ್ಲಿ Academic Integrity ಅಥವಾ Academic Misconduct ಅನ್ನುವ ಭಾಗ ತೆಗೆದು ನೋಡಿ. ವಿಚಾರ ಬೇರೆಯವರದಾದರೆ ಮಾತು ನಿಮ್ಮದಾದರೂ ಮೂಲ ಹೇಳಲೇಬೇಕು. ಬೇಕಂತಲೇ ಮಾಡಲಿಲ್ಲ ಅನ್ನುವ ಸಮಜಾಯಿಷಿ ಎಷ್ಟೋ ಕಡೆ ನಡೆಯುವುದಿಲ್ಲ.

ಪಬ್ಲಿಕ್ ಹೆಲ್ತ್ ಓದುತ್ತಿದ್ದ ಸೊರಬದ ಹುಡುಗಿಯೊಬ್ಬಳು ಮಂಗನ ಕಾಯಿಲೆ ಬಗ್ಗೆ ಪ್ರಬಂಧ ಬರೆಯುತ್ತಿದ್ದಳು. ಕ್ಯಾಸನೂರು ಅವಳ ತಾಲೂಕಿನದೇ ಕಾಡು. 1957ರಲ್ಲಿ ಅಲ್ಲಿ ಗುರುತಿಸಿದ್ದಕ್ಕೇ ಕಾಯಿಲೆಗೆ ಕ್ಯಾಸನೂರು ಫಾರೆಸ್ಟ್ ಡಿಸೀಸ್ ಅನ್ನುವ ಹೆಸರು. ಅವಳಿಗೆ ಕೊಟ್ಟಿದ್ದ ಪಾಠದಲ್ಲಿ ಹೆಚ್ಚುಕಡಿಮೆ ಹೀಗಿತ್ತು: "ಸೋಂಕಿನಿಂದ ಮಂಗ ಸತ್ತು ಬಿದ್ದಾಗ ಅದರ ಮೈಮೇಲಿನ ಉಣುಗುಗಳು ಕೆಳಗಿಳಿದು ಸುತ್ತಲಿನ ನೆಲದಲ್ಲಿ ಹರಡುತ್ತವೆ. ಆದ್ದರಿಂದ ಆ ಜಾಗದಲ್ಲಿ ಓಡಾಡುವವರಿಗೆ ಅಪಾಯ ಹೆಚ್ಚು."

ಅವಳು ಬರೆದದ್ದು: "ಸೋಂಕಿನಿಂದ ಕೋತಿ ಮೃತಪಟ್ಟಾಗ ಅದರ ದೇಹದ ಉಣುಗುಗಳು ಕೆಳಗೆ ಬಂದು ಅಕ್ಕಪಕ್ಕದ ನೆಲದಲ್ಲಿ ಚದುರುತ್ತವೆ. ಹೀಗಾಗಿ ಅಲ್ಲಿ ತಿರುಗಾಡುವವರಿಗೆ ಗಂಡಾಂತರ ಜಾಸ್ತಿ."

ಹೆಚ್ಚಿನ ಪದಗಳು ಬದಲಾಗಿವೆ. ವಾಕ್ಯದ ಅಸ್ಥಿಪಂಜರ ಮಾತ್ರ ಹಾಗೇ ಉಳಿದಿದೆ. ಮೊದಲು ಸಾವು, ಆಮೇಲೆ ಇಳಿಯುವುದು, ಆಮೇಲೆ ಹರಡುವುದು, ಕೊನೆಗೆ "ಆದ್ದರಿಂದ". ಇದಕ್ಕೆ ಇಲ್ಲಿ ಪ್ಯಾಚ್‌ರೈಟಿಂಗ್ ಅನ್ನುತ್ತಾರೆ. ಕೊನೆಗೆ ಲೇಖಕರ ಹೆಸರು ಹಾಕಿದರೂ ಇದು ಪೂರ್ತಿ ಸರಿಯಾಗುವುದಿಲ್ಲ. ಹೆಸರು ಹಾಕಿದಾಗ ವಿಚಾರ ಅವರದು, ಬರವಣಿಗೆ ನನ್ನದು ಅಂತ ಹೇಳಿದ ಹಾಗೆ. ಇಲ್ಲಿ ಬರವಣಿಗೆಯೂ ಅವರದೇ ಅಲ್ವಾ?

ಬೇರೆ ಬರಹಗಳ ಜೊತೆ ಹೋಲಿಸಿ ನೋಡುವ ಟರ್ನಿಟಿನ್‌ನಲ್ಲಿ ಪರ್ಸೆಂಟ್ ಕಡಿಮೆ ಬಂತು ಅಂತ ನೆಮ್ಮದಿಯಾಗಿರುವವರೂ ಇದ್ದಾರೆ. ಆ ಅಂಕಿ ತೋರಿಸುವುದು ಎಷ್ಟು ಪದಗಳು ಬೇರೆ ಬರಹದ ಜೊತೆ ಹೊಂದುತ್ತವೆ ಅನ್ನುವುದನ್ನು ಮಾತ್ರ. ಮೂಲ ಹೇಳಿ ಸರಿಯಾಗಿ ಕೊಟ್ಟ ಉದ್ಧರಣೆಯೂ ಅದನ್ನು ಏರಿಸಬಹುದು, ಮೇಲಿನಂಥ ವಾಕ್ಯ ತಪ್ಪಿಸಿಕೊಳ್ಳಲೂಬಹುದು. ಆದರೆ ಪಾಠ ಹಾಕಿದವರೇ ಪೇಪರ್ ಓದುವಾಗ ಅವರಿಗೆ ಗುರುತು ಸಿಗದೇ ಇರುತ್ತದೆಯೇ?

ನಾನು ಅವಳಿಗೆ ಪಿಡಿಎಫ್ ಮುಚ್ಚಲು ಹೇಳಿದೆ. ಊರಲ್ಲಿರುವ ಅಜ್ಜಿಗೆ ಫೋನಿನಲ್ಲಿ ಹೇಳುವ ಹಾಗೆ ಕನ್ನಡದಲ್ಲಿ ಹೇಳಮ್ಮಾ ಅಂದೆ. ಅವಳು ಮೊದಲು ಹೇಳಿದ್ದು, "ಮಂಗ ಸತ್ತ ಸುದ್ದಿ ಬಂದರೆ ಆ ಕಡೆ ದರಕು ತರೋಕೆ ಹೋಗಬೇಡ." ಅವಳ ಪ್ರಬಂಧಕ್ಕೆ ಬೇಕಾದದ್ದು ಅದೇ. ಆಮೇಲೆ ಬರೆದದ್ದು ಹೀಗೆ: "ಮಂಗನ ಸಾವಿನ ಸುದ್ದಿ ಸೊಪ್ಪು, ದರಕು, ಸೌದೆಗೆ ಹೋಗುವವರಿಗೆ ಬೇಗ ತಲುಪಬೇಕು ಎಂಬುದು ನನ್ನ ವಾದ. ಹೆಣ ಬಿದ್ದ ಜಾಗದ ನೆಲದಲ್ಲೇ ಉಣುಗುಗಳು ಇರುತ್ತವೆ ಎಂದು ಇಂಥವರು ತೋರಿಸಿದ್ದಾರೆ." "ಇಂಥವರು" ಇರುವಲ್ಲಿ ಲೇಖಕರ ಹೆಸರು, ವರ್ಷ. ಮೊದಲ ವಾಕ್ಯ ಅವಳದು, ಎರಡನೆಯದು ಲೇಖಕರದು. ಗಡಿ ಕಾಣುತ್ತದೆ. ಪ್ಯಾರಾದ ಕೊನೆಗೆ ಒಂದೇ ಒಂದು ಬ್ರಾಕೆಟ್ ಹಾಕಿದರೆ ಈ ಗಡಿ ಕಾಣುವುದಿಲ್ಲ.

"ಅಣ್ಣಾ, ಇದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತಿರೋದು. ಇದಕ್ಕೂ ಸೈಟೇಶನ್ನಾ?" ಅಂತ ಕೇಳಿದಳು. ಒಳ್ಳೆಯ ಪ್ರಶ್ನೆ. ಎಲ್ಲರಿಗೂ ಗೊತ್ತಿರುವ ವಿಷಯಕ್ಕೆ ಮೂಲ ಬೇಡ ಅನ್ನುವ ನಿಯಮ ಇದೆ. ಆದರೆ ಆ "ಎಲ್ಲರೂ" ಸೊರಬದವರಲ್ಲ, ಆ ವಿಷಯ ಓದುವವರು. ಶಿವಮೊಗ್ಗ ಕರ್ನಾಟಕದಲ್ಲಿದೆ ಅನ್ನಲು ಮೂಲ ಬೇಡ. ಉಣುಗು ಎಲ್ಲಿ ಇಳಿಯುತ್ತದೆ ಅನ್ನಲು ಬೇಕು.

ಪುಟದ ಸಂಖ್ಯೆ ವಿಷಯದಲ್ಲಿ ನಿಮ್ಮ ಹ್ಯಾಂಡ್‌ಬುಕ್ಕನ್ನೇ ನಂಬಿ. ಮೂಲ ಹೇಳುವ ಶೈಲಿಗಳಲ್ಲಿ ಒಂದಾದ ಎಪಿಎಯ 7ನೇ ಆವೃತ್ತಿಯಲ್ಲಿ ನೇರ ಉದ್ಧರಣೆಗೆ ಪುಟ ಬೇಕೇ ಬೇಕು, ನಮ್ಮ ಮಾತಲ್ಲಿ ಬರೆದ ಪ್ಯಾರಾಫ್ರೇಸಿಗೆ ಕಡ್ಡಾಯವಲ್ಲ. ಹಾರ್ವರ್ಡ್ ಶೈಲಿ ಅನ್ನುವುದಕ್ಕೆ ಒಂದೇ ರೂಪ ಇಲ್ಲ, ಒಂದೊಂದು ವಿಶ್ವವಿದ್ಯಾಲಯದ್ದು ಒಂದೊಂದು. ನೋಟ್ಸ್ ಮಾಡುವಾಗಲೇ ಪುಟ ಬರೆದಿಟ್ಟುಕೊಂಡರೆ ಯಾವ ಶೈಲಿಯಾದರೂ ಆಗುತ್ತದೆ.

ಇನ್ನೊಂದು ವಿಷಯ. ಮೂಲ ಅಂದರೆ ಮೂಡಲ್ ಅಲ್ಲ. ಅಲ್ಲಿ ಸಿಕ್ಕಿದ್ದು ಪುಸ್ತಕದ ಸ್ಕ್ಯಾನ್ ಆದ ಅಧ್ಯಾಯವಾದರೆ ಆ ಅಧ್ಯಾಯದ ಲೇಖಕರು, ಪುಸ್ತಕದ ಸಂಪಾದಕರು, ವರ್ಷ ಬೇಕು. ಸಾಮಾನ್ಯವಾಗಿ ಸ್ಕ್ಯಾನಿನ ಮೊದಲ ಹಾಳೆಯಲ್ಲಿ ಈ ವಿವರ ಇರುತ್ತದೆ, ಇಲ್ಲದಿದ್ದರೆ ಲೈಬ್ರರಿಯವರನ್ನು ಕೇಳಿ. ಆ ಅಧ್ಯಾಯ 1957ರ ವರದಿಯೊಂದನ್ನು ಉಲ್ಲೇಖಿಸಿದೆ, ನೀವು ವರದಿ ಓದಿಲ್ಲ ಅಂದುಕೊಳ್ಳಿ. ಆಗ ಓದಿದ ಹಾಗೆ ಬರೆಯಬೇಡಿ. ವರದಿಯ ಲೇಖಕರ ಹೆಸರು ಹೇಳಿ, ಪಕ್ಕದಲ್ಲೇ as cited in ಅಂತ ಬರೆದು ಅಧ್ಯಾಯದ ಲೇಖಕರ ಹೆಸರು ಕೊಡಿ. ಕೊನೆಯ ರೆಫರೆನ್ಸ್ ಪಟ್ಟಿಯಲ್ಲಿ ಬರಬೇಕಾದದ್ದು ಅಧ್ಯಾಯ ಮಾತ್ರ.