ಯು-ಸ್ಟೇಜ್ ಇಲ್ಲದೆ ಆಘಾತದ ಗೆರೆ ಅಳೆದದ್ದು

"ಯು-ಸ್ಟೇಜ್ ಇಲ್ಲದೆ ಅದೆಲ್ಲ ಆಗಲ್ಲ ಬಿಡ್ರೀ" ಅಂತ ನಮ್ಮ ಹಳೇ ಮೇಷ್ಟ್ರು ನಕ್ಕಿದ್ದರು. ಉಲ್ಕೆ ಬಡಿದ ಆಘಾತಕ್ಕೆ ಬೆಣಚಿನ ಕಣದೊಳಗೆ ಮೂಡುವ ಸಣ್ಣ ಗೆರೆಗಳ ಕೋನ ಅಳೆಯುವ ಮಾತು ಅದು. ಯು-ಸ್ಟೇಜ್ ಅಂದರೆ ಮೈಕ್ರೋಸ್ಕೋಪಿನ ಕೆಳಗೆ ಸ್ಲೈಡನ್ನು ಎಲ್ಲ ಕಡೆ ವಾಲಿಸುವ ಉಪಕರಣ. ದಾವಣಗೆರೆಯ ನಮ್ಮ ಮನೆಯ ಹಿಂದಿನ ಶೆಡ್‌ನಲ್ಲಿ ಅದು ಆಯಿತು.

ಶುರು ಮಾಡಿಸಿದ್ದು ನನ್ನ ಗೆಳೆಯ. ಚಿತ್ರದುರ್ಗದ ಕಡೆ ಗುಡ್ಡಗಳ ನಡುವೆ ಒಂದು ದುಂಡು ತಗ್ಗು ಇದೆ. ಅದರ ಉಪಗ್ರಹ ಚಿತ್ರ ಕಳಿಸಿ "ಉಲ್ಕೆ ಬಿದ್ದ ಕುಳಿ ಕಣೋ, ಥೇಟ್ ಚಂದ್ರನ ಮೇಲಿನ ಹಾಗೇ ಇದೆ" ಅಂದ. ಚಂದ್ರನಾದರೆ ಒಪ್ಪಬಹುದಿತ್ತು. ಅಲ್ಲಿ ಮಳೆ, ಗಾಳಿ ಇಲ್ಲ, ಕುಳಿ ಬಿದ್ದರೆ ಕೋಟ್ಯಂತರ ವರ್ಷ ಹಾಗೇ ಇರುತ್ತದೆ. ನಮ್ಮಲ್ಲಿ ಮಳೆ ಕೊರೆದರೂ ದುಂಡು, ಮೆತ್ತನೆ ಕಲ್ಲು ಸವೆದರೂ ದುಂಡು. ಭೂಮಿಯ ಮೇಲೆ ಒಪ್ಪಿತವಾದ ಕುಳಿಗಳು ಸುಮಾರು 200 ಮಾತ್ರ. ಇಲ್ಲಿ ಆಕಾರ ಸಾಕ್ಷಿ ಹೇಳಲ್ಲ, ಕಲ್ಲೊಳಗಿನ ಬೆಣಚು ಹೇಳಬೇಕು.

ಹೋಲಿಸಿ ನೋಡಲು ನಿಜವಾದ ಆಘಾತದ ಕಲ್ಲು ಬೇಕಲ್ವಾ? ಮಹಾರಾಷ್ಟ್ರದ ಲೋಣಾರ್ ಉಲ್ಕೆ ಕುಳಿ ನಮಗೆ ಹತ್ತಿರ, ಆದರೆ ಅಲ್ಲಿನ ಕಲ್ಲು ಬಸಾಲ್ಟ್, ಅದರಲ್ಲಿ ಬೆಣಚು ಹುಡುಕುವುದು ದಂಡ. ಚಂದ್ರನ ಕಲ್ಲಿನ ಕಥೆಯೂ ಅದೇ. ಕೊನೆಗೆ ಮಧ್ಯಪ್ರದೇಶದ ಢಾಲಾ ಉಲ್ಕೆ ಕುಳಿಯ ಗ್ರಾನೈಟ್ ತುಂಡು ಒಬ್ಬರ ಕೈಯಿಂದ ಬಂತು.

ಖರ್ಚಿನ ಮಾತು ಹೇಳಿಬಿಡುತ್ತೇನೆ. ಹಳೇ ಪೋಲರೈಸಿಂಗ್ ಮೈಕ್ರೋಸ್ಕೋಪಿಗೆ ಹದಿನೆಂಟೋ ಇಪ್ಪತ್ತೋ ಸಾವಿರ ಕೊಟ್ಟೆ. ಟೈಲ್ಸ್ ಕಟ್ಟರ್, ಉಜ್ಜುವ ಪೌಡರ್, ಅಂಟು ಸೇರಿ ಇನ್ನೊಂದು ಏಳೆಂಟು ಸಾವಿರ. ಕಲ್ಲು ಕೊಯ್ದು ಗಾಜಿಗೆ ಅಂಟಿಸಿ, ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿದರೆ ಸ್ಲೈಡ್. ಮೊದಲ ಹನ್ನೊಂದು ಸ್ಲೈಡ್ ಕಸದ ಬುಟ್ಟಿಗೆ ಹೋದವು. ಅಂಟಿನಲ್ಲಿ ಗುಳ್ಳೆ, ಒಂದು ಅಂಚು ದಪ್ಪ, ಇನ್ನೊಂದು ಅಂಚಲ್ಲಿ ಕಲ್ಲೇ ಇಲ್ಲ. ಬೆಣಚು ಹಳದಿ ಕಾಣುವಾಗಲೇ ಸಾಕು ಅಂತ ನಿಲ್ಲಿಸಿದ್ದೂ ಇದೆ. 30 ಮೈಕ್ರಾನಿಗೆ ಇಳಿದು ಬೂದು-ಬಿಳಿ ಬರುವವರೆಗೆ ಕೈ ಬಿಡಬಾರದು. ಕೊನೆಯ ಉಜ್ಜಿನಲ್ಲಿ ಕಣ ಕಿತ್ತು ಬರದ ಹಾಗೆ ನಾನೊಂದು ಉಪಾಯ ಮಾಡುತ್ತೇನೆ, ಅದು ನನ್ನ ಹತ್ತಿರವೇ ಇರಲಿ.

ಹನ್ನೆರಡನೆಯದು ಚಿತ್ರದುರ್ಗದ ಕಲ್ಲು. ಸಾಲು ಸಾಲು ಗೆರೆ! ರಾತ್ರಿ ಹನ್ನೊಂದಕ್ಕೆ ಗೆಳೆಯನಿಗೆ ಫೋನ್ ಮಾಡಿದೆ. ಬೆಳಿಗ್ಗೆ ನೋಡಿದರೆ ಗೆರೆ ಬೆಣಚು ದಾಟಿ ಫೆಲ್ಡ್‌ಸ್ಪಾರ್‌ಗೆ, ಅಲ್ಲಿಂದ ಅಂಟಿನೊಳಕ್ಕೂ ಹೋಗಿತ್ತು. ಪೌಡರಿನ ಗೀರು ಅದು. ಆಘಾತದ ಗೆರೆ ತನ್ನ ಕಣದೊಳಗೇ ಇರುತ್ತದೆ.

ಈಗ ಯು-ಸ್ಟೇಜ್ ವಿಷಯ. ಅದಿದ್ದರೆ ಕಣವನ್ನು ಬೇಕಾದ ಕಡೆ ವಾಲಿಸಿ ಕೋನ ಅಳೆಯಬಹುದು. ನನ್ನ ಹತ್ತಿರ ಇದ್ದದ್ದು ಚಪ್ಪಟೆ ಸ್ಟೇಜ್. ಹಾಗಾಗಿ ಕಣ ವಾಲಿಸುವ ಬದಲು, ಸರಿಯಾಗಿ ಮಲಗಿರುವ ಕಣವನ್ನೇ ಆರಿಸಿದೆ. ಸ್ಲೈಡಿನಲ್ಲಿ ಎಲ್ಲಕ್ಕಿಂತ ಹೊಳಪಿನ ಬಣ್ಣ ತೋರುವ ಬೆಣಚಿನ ಸಿ-ಅಕ್ಷ, ಅಂದರೆ ಹರಳಿನ ಉದ್ದದ ಅಕ್ಷ, ಹೆಚ್ಚುಕಡಿಮೆ ಅಡ್ಡ ಮಲಗಿರುತ್ತದೆ. ಆಮೇಲೆ ಫೋಕಸ್ ಮೇಲೆ ಕೆಳಗೆ ಮಾಡಬೇಕು. ಗೆರೆ ಪಕ್ಕಕ್ಕೆ ಸರಿಯದೆ ನಿಂತಲ್ಲೇ ನಿಂತರೆ ಅದು ನೆಟ್ಟಗಿದೆ ಅಂತ ಅರ್ಥ. ಎರಡೂ ಕೂಡಿದ ಕಣದಲ್ಲಿ ಅಳೆದ ಕೋನ ನಂಬಬಹುದು. ನೂರು ಕಣ ನೋಡಿದರೆ ಎಂಟೋ ಹತ್ತೋ ಸಿಗುತ್ತವೆ, ಅಷ್ಟೇ.

ಢಾಲಾ ತುಂಡಿನಲ್ಲಿ ಗೆರೆಗೂ ಸಿ-ಅಕ್ಷಕ್ಕೂ ನಡುವಿನ ಕೋನ ಅಳೆದೆ. 65, 68, 67 ಡಿಗ್ರಿ... ಪುಸ್ತಕದಲ್ಲಿ 23 ಅಂತಿದೆ! ಎರಡು ದಿನ ಊಟ ಸೇರಲಿಲ್ಲ. ಆಮೇಲೆ ಹೊಳೆಯಿತು. ಪುಸ್ತಕದ್ದು ಗೆರೆಯಾಗಿ ಕಾಣುವ ಸಮತಲಕ್ಕೆ ಲಂಬವಾದ ರೇಖೆಗೂ ಸಿ-ಅಕ್ಷಕ್ಕೂ ಇರುವ ಕೋನ. ನಾನು ಗೆರೆಯಿಂದಲೇ ಅಳೆದಿದ್ದೆ. 90ರಿಂದ ಕಳೆದರೆ ಮುಗಿಯಿತು. ನಲವತ್ತರ ಹತ್ತಿರ ಅಳತೆಯಲ್ಲಿ ಅರ್ಧಕ್ಕಿಂತ ಜಾಸ್ತಿ 23ರ ಆಸುಪಾಸು, ಕೆಲವು 0, ಕೆಲವು 32. ಒಂದೇ ಕಣದಲ್ಲಿ ಎರಡು ಮೂರು ದಿಕ್ಕಿನ ಸಾಲು. ಗೆರೆ ನೇರ, ತೆಳು, ಒತ್ತೊತ್ತು, ಎರಡರ ನಡುವೆ ಕೆಲವೇ ಮೈಕ್ರಾನ್. ಹೀಗೆ ಹರಳಿನ ಗೊತ್ತಾದ ಸಮತಲಗಳ ಮೇಲೇ ಗುಂಪು ಕಟ್ಟಬೇಕಾದರೆ ವಾತಾವರಣದ ಒತ್ತಡದ ಲಕ್ಷ ಪಟ್ಟು ಒತ್ತಡ ಕ್ಷಣಾರ್ಧದಲ್ಲಿ ಹಾಯಬೇಕು.

ಚಿತ್ರದುರ್ಗದ ಹದಿನಾಲ್ಕು ಸ್ಲೈಡಿನಲ್ಲಿ ಗೀರು ಬಿಟ್ಟು ನಿಜವಾದ ಗೆರೆಗಳೂ ಇದ್ದವು. ಆದರೆ ದಪ್ಪ, ದೂರ ದೂರ, ಸ್ವಲ್ಪ ಬಾಗಿದವು, ಕಣಕ್ಕೆ ಒಂದೇ ಸಾಲು. ಕೋನ 5ರಿಂದ 30ರವರೆಗೆ ಹರಡಿಕೊಂಡಿತ್ತು, ಎಲ್ಲೂ ಗುಂಪು ಕಟ್ಟಲಿಲ್ಲ. ಸ್ಟೇಜ್ ತಿರುಗಿಸಿದರೆ ನೆರಳು ಅಲೆಯ ಹಾಗೆ ಹಾಯುತ್ತಿತ್ತು. 250 ಕೋಟಿ ವರ್ಷಕ್ಕೂ ಹಳೆಯ ಕಲ್ಲು, ಭೂಮಿ ನಿಧಾನಕ್ಕೆ ಹಿಂಡಿದ ಗುರುತು ಇವು. ಆಘಾತದ ಗೆರೆ ಸಿಗಲಿಲ್ಲ ಅಂದ ಮಾತ್ರಕ್ಕೆ ಕುಳಿ ಅಲ್ಲವೇ ಅಲ್ಲ ಅನ್ನಲು ಬರಲ್ಲ, ಹೌದು ಅನ್ನಲಂತೂ ಏನೂ ಇಲ್ಲ.

ಸುಮ್ನೆ ಇರಲಾರದೆ ಕ್ವಾರಿಯಲ್ಲಿ ಸಿಡಿಮದ್ದಿನ ತೂತಿನ ಅಂಚಿನ ಬೆಣಚನ್ನೂ ಕೊಯ್ದೆ. ಬರೀ ಬಿರುಕು, ಒಂದೂ ಸಾಲಿಲ್ಲ. ಆ ಸ್ಲೈಡಿಗೆ ಒಂದು ಭಾನುವಾರ ಹೋಯಿತು.

ಮೇಷ್ಟ್ರು ಮನೆಗೇ ಬಂದು ಢಾಲಾ ಸ್ಲೈಡು ನೋಡಿದರು. ತಾವೇ ಮೂರು ಕಣ ಅಳೆದು, "ಇದನ್ನ ನಂಗೊಂದು ಮಾಡ್ಕೊಡಪ್ಪ" ಅಂದರು. ಗೆಳೆಯ ಮಾತ್ರ ಬಿಟ್ಟಿಲ್ಲ. ಮೊನ್ನೆ ಚಳ್ಳಕೆರೆ ಹತ್ತಿರದ ಉಳ್ಳಾರ್ತಿ ಕಾವಲಿನ ಚಿತ್ರ ಕಳಿಸಿದ್ದ. "ಒಂದಲ್ಲ, ಸಾಲು ಕುಳಿ!" ಅಂತ. ಅವು ಚಂದ್ರಯಾನ-2ರ ಸೆನ್ಸರ್ ಪರೀಕ್ಷೆಗೆ ಇಸ್ರೋದವರು ತೋಡಿಸಿದ ಕುಳಿಗಳು.