ಪತ್ರಿ ಕಾಯಿ ಬಿಗಿಯುತ್ತದೆ, ಹಣ್ಣು ಸಡಿಲಿಸುತ್ತದೆ

ವಿಜಯಪುರದ ಕಡೆ ಏಪ್ರಿಲ್ ಬಂತೆಂದರೆ ಪತ್ರಿ, ಅಂದರೆ ಬಿಲ್ವದ ಗಿಡದ ಎಲೆಗಳು ಉದುರಿ, ಬೋಳು ಕೊಂಬೆಗಳಲ್ಲಿ ಹಳದಿ ಗುಂಡುಗಳು ಮಾತ್ರ ತೂಗುತ್ತಿರುತ್ತವೆ. ವರ್ಷವಿಡೀ ಶಿವನಿಗೆಂದು ಎಲೆ ಕಿತ್ತುಕೊಂಡವರು ಹಣ್ಣಿನ ಕಡೆ ತಿರುಗಿ ನೋಡುವುದು ಆಗಲೇ. ಅದರ ಪಾನಕ ಹೊಟ್ಟೆಗೆ ತಂಪು ಎಂಬುದು ಎಲ್ಲರಿಗೂ ಗೊತ್ತು. ಭೇದಿಗೂ ಬಿಲ್ವ ಒಳ್ಳೆಯದು ಎಂಬುದೂ ಗೊತ್ತು. ಇವೆರಡು ಮಾತುಗಳನ್ನು ಒಂದೇ ಲೋಟದಲ್ಲಿ ಬೆರೆಸುವಲ್ಲಿಯೇ ತಪ್ಪಾಗುವುದು.

ಎರಡು ವರ್ಷದ ಹಿಂದೆ ನಮ್ಮ ಕಾಕಾ ಮದುವೆಯೂಟ ಮುಗಿಸಿ ಉರಿಬಿಸಿಲಲ್ಲಿ ಊರಿಗೆ ಬಂದರು. ಮರುದಿನ ಬೆಳಗಾಗುವುದರೊಳಗೆ ನಾಲ್ಕು ಸಲ ನೀರಾಗಿ ಭೇದಿಯಾಯಿತು. ಮನೆಯಲ್ಲಿ ಹಣ್ಣಿತ್ತು. ನಾನೇ ಮುತುವರ್ಜಿಯಿಂದ ಬೆಲ್ಲ ಹಾಕಿ ಎರಡು ದೊಡ್ಡ ಲೋಟ ಪಾನಕ ಕುಡಿಸಿದೆ. ಸಂಜೆಯ ಹೊತ್ತಿಗೆ ಲೆಕ್ಕ ಎಂಟಕ್ಕೆ ಏರಿತು. ಪಕ್ಕದ ಮನೆಯ ಆಯಿ ಬಂದು ಲೋಟ ಮೂಸಿ ನೋಡಿ, "ಹಣ್ಣು ಕೊಟ್ಟಿದ್ದೀಯಲ್ಲ ತಂಗಿ, ಕೊಡಬೇಕಾಗಿದ್ದು ಕಾಯಿ" ಎಂದರು.

ಆಯಿಯ ಮಾತಿಗೆ ಆಯುರ್ವೇದದ ಆಧಾರವಿದೆ. ಬೇರೆಲ್ಲ ಹಣ್ಣುಗಳೂ ಪಕ್ವವಾದಾಗ ಮೇಲು, ಬಿಲ್ವ ಮಾತ್ರ ಎಳೆಯದಾಗಿದ್ದಾಗ ಮೇಲು ಎಂಬುದು ಅಲ್ಲಿನ ಹಳೆಯ ತಿಳಿವಳಿಕೆ. ಬಲಿತರೂ ಹಣ್ಣಾಗದ ಕಾಯಿಯಲ್ಲಿ ಟ್ಯಾನಿನ್ ಎಂಬ ಒಗರು ಅಂಶ ಹೆಚ್ಚು. ನಾಲಿಗೆಯನ್ನು ಬಿಗಿ ಹಿಡಿಯುವ ಆ ಒಗರೇ ಕರುಳಿನಲ್ಲಿಯೂ ಕೆಲಸ ಮಾಡುತ್ತದೆ. ಹಣ್ಣಾಗುತ್ತಾ ಹೋದಂತೆ ಒಗರು ಇಳಿದು, ಸಕ್ಕರೆ ಮತ್ತು ಲೋಳೆ ಏರುತ್ತವೆ. ಮಾಗಿದ ಹಣ್ಣು ಮಲವನ್ನು ಸಡಿಲಿಸುತ್ತದೆ. ಬೇಸಿಗೆಯಲ್ಲಿ ನೀರು ಸಾಲದೆ ಮಲ ಗಟ್ಟಿಯಾದವರಿಗೆ ಅದು ಹಿತ. ಆದರೆ ಭೇದಿಯಾಗುತ್ತಿರುವವರಿಗೆ ಅದರ ಮೇಲೆ ಬೆಲ್ಲವೂ ಸೇರಿದರೆ, ಅತಿ ಸಿಹಿಯು ಕರುಳಿಗೆ ಇನ್ನಷ್ಟು ನೀರನ್ನು ಎಳೆದುಕೊಳ್ಳುತ್ತದೆ. ಕಾಕಾನಿಗೆ ಆದದ್ದು ಬಹುಶಃ ಇದೇ.

ಇನ್ನೊಂದು ಗೊಂದಲವನ್ನು ಮೊದಲೇ ಬಿಡಿಸಬೇಕು. ಸಂತೆಯಲ್ಲಿ ಬೇಲದ ಹಣ್ಣು, ಬೆಳವಲ ಹಣ್ಣು ಎಂದು ಮಾರುವುದು ಬಿಲ್ವವಲ್ಲ. ಅದರ ಚಿಪ್ಪು ಬೂದು ಬಣ್ಣದ್ದು, ಒರಟು. ಒಳಗೆ ಕಂದು ತಿರುಳು, ಹುಳಿ ರುಚಿ. ಬಿಲ್ವದ ಚಿಪ್ಪು ನುಣುಪು, ತಿರುಳು ಕಿತ್ತಳೆ-ಹಳದಿ, ಹುಳಿ ಇಲ್ಲವೇ ಇಲ್ಲ ಎನ್ನಬಹುದು. ಅನುಮಾನವಿದ್ದರೆ ಎಲೆ ನೋಡಿ: ಮೂರು ದಳವಿದ್ದರೆ ಪತ್ರಿ.

ಈಗ ಪಾನಕಕ್ಕೆ ಬರೋಣ. ಚಿಪ್ಪು ಹಸಿರು ಬಿಟ್ಟು ಹಳದಿಗೆ ತಿರುಗಿರಬೇಕು, ತೊಟ್ಟಿನ ಬಳಿ ಮೂಸಿದರೆ ಘಮ ಬರಬೇಕು. ಬಿರುಕು ಬಿಟ್ಟದ್ದು ಬೇಡ. ಒಳಗೆ ಹುಳಿತು ಹೆಂಡದ ವಾಸನೆ ಹಿಡಿದಿರುತ್ತದೆ. ಅರ್ಧ ಕಿಲೋ ತೂಗುವ ಹಣ್ಣನ್ನು ಕಲ್ಲಿಗೆ ಕುಟ್ಟಿ ಒಡೆದು, ತಿರುಳನ್ನು ಚಮಚದಿಂದ ಕೆರೆದು, ಅರ್ಧ ಲೀಟರ್ ನೀರಿನಲ್ಲಿ ಒಂದು ಗಂಟೆ ನೆನೆಸಿಡಿ. ಆಮೇಲೆ ಹುಣಸೆಹಣ್ಣು ಕಿವುಚುವಂತೆ ಕೈಯಿಂದಲೇ ಕಿವುಚಿ. ಮಿಕ್ಸರ್ ಹತ್ತಿರ ಹೋಗಬೇಡಿ. ಬೀಜ ಒಡೆದರೆ ಇಡೀ ಪಾತ್ರೆ ಕಹಿಯಾಗುತ್ತದೆ, ಬೀಜದ ಸುತ್ತಲಿನ ಅಂಟು ಹರಡಿ ಪಾನಕ ಗೋಂದಿನಂತಾಗುತ್ತದೆ. ದಪ್ಪ ಕಣ್ಣಿನ ಜರಡಿಯಲ್ಲಿ ಸೋಸಿ, ಉಳಿದ ನಾರಿಗೆ ಇನ್ನೊಂದು ಲೋಟ ನೀರು ಹಾಕಿ ಮತ್ತೊಮ್ಮೆ ಕಿವುಚಿ ಸೋಸಿ. ಇದಕ್ಕೆ ನಾಲ್ಕೈದು ಚಮಚ ಪುಡಿ ಬೆಲ್ಲ, ಚಿಟಿಕೆ ಉಪ್ಪು, ಎರಡು ಏಲಕ್ಕಿ ಸಾಕು. ಹಣ್ಣೇ ಸಿಹಿಯಾಗಿದ್ದರೆ ಬೆಲ್ಲವನ್ನು ಇನ್ನೂ ಕಡಿಮೆ ಮಾಡಿ. ಕುಡಿದಾಗ ಗಂಟಲು ಹಿಡಿದಂತಾದರೆ ಹಣ್ಣು ಪೂರ್ತಿ ಮಾಗಿರಲಿಲ್ಲ ಎಂದರ್ಥ.

ಮಧ್ಯಾಹ್ನ ಒಂದು ಲೋಟ ಸಾಕು. ಹೆಚ್ಚು ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ, ಏಕೆಂದರೆ ಮಾಗಿದ ಬಿಲ್ವ ಜೀರ್ಣಕ್ಕೆ ಜಡ. ನಲವತ್ತು ಡಿಗ್ರಿ ಬಿಸಿಲಿನಲ್ಲಿ ಮಾಡಿಟ್ಟ ಪಾನಕ ಬೇಗ ಹುಳಿಯುವುದರಿಂದ ಎರಡು ಗಂಟೆಯೊಳಗೆ ಕುಡಿದು ಮುಗಿಸಿ.

ಭೇದಿಗೆ ಬೇಕಾದ ಒಣ ಬಿಲ್ವವನ್ನು ತಯಾರಿಸುವ ಕಾಲ ಬೇಸಿಗೆಯಲ್ಲ, ಚಳಿಗಾಲ. ಸಂಕ್ರಾಂತಿಯ ಆಸುಪಾಸಿನಲ್ಲಿ ಗಾತ್ರ ತುಂಬಿದ್ದರೂ ಚಿಪ್ಪು ಹಸಿರಾಗಿರುವ ಕಾಯಿಗಳನ್ನು ಇಳಿಸಿ. ಗರಗಸ ಅಥವಾ ಗಟ್ಟಿ ಕುಡುಗೋಲಿನಿಂದ ಅಡ್ಡಲಾಗಿ, ಕಿರುಬೆರಳ ದಪ್ಪದ ಬಿಲ್ಲೆಗಳಾಗಿ ಕತ್ತರಿಸಿ. ದಪ್ಪ ಮಾಡಿದರೆ ಹೊರಗೆ ಒಣಗಿ ಒಳಗೆ ಬೂಸು ಹಿಡಿಯುತ್ತದೆ. ಚಿಪ್ಪನ್ನು ಸುತ್ತಲೂ ಕಿತ್ತು, ಬೀಜ ತೆಗೆದು, ಒಂದು ದಿನ ನೆರಳಿನಲ್ಲಿ ನೀರು ಆರಿಸಿ, ನಂತರ ಬಟ್ಟೆ ಹೊದಿಸಿ ಬಿಸಿಲಿಗೆ ಇಡಿ. ನಮ್ಮ ಕಡೆಯ ಒಣಗಾಳಿಗೆ ಸುಮಾರು ಒಂದು ವಾರ ಬೇಕಾಗುತ್ತದೆ. ಬಗ್ಗಿಸಿದರೆ ಬಾಗದೆ ಪಟ್ಟನೆ ಮುರಿಯಬೇಕು. ಅದೇ ಪರೀಕ್ಷೆ. ಗಿಡ ಸಿಗದವರಿಗೆ ಗ್ರಂಥಿಗೆ ಅಂಗಡಿಗಳಲ್ಲಿ ಒಣ ಬಿಲ್ಲೆ ಸಿಗುತ್ತದೆ. ಹುಳು ಕೊರೆದ ತೂತು ಮತ್ತು ಬಿಳಿ ಬೂಸು ಇಲ್ಲದ್ದನ್ನು ಆರಿಸಿ.

ಬಳಸುವ ಬಗೆ ಎರಡು. ಕುಟ್ಟಿ ಜರಡಿ ಹಿಡಿದ ಪುಡಿಯಾದರೆ ದೊಡ್ಡವರಿಗೆ ಒಂದು ಸಲಕ್ಕೆ ಮೂರು ಗ್ರಾಂ, ಅಂದರೆ ಹೆಚ್ಚುಕಡಿಮೆ ಒಂದು ಸಮ ಚಹಾ ಚಮಚ, ಬೆಣ್ಣೆ ತೆಗೆದ ಮಜ್ಜಿಗೆಯಲ್ಲಿ ಕಲಸಿ ಬೆಳಿಗ್ಗೆ, ಸಂಜೆ. ಕಷಾಯವಾದರೆ ಹತ್ತು ಗ್ರಾಂ ತುಂಡುಗಳನ್ನು ಎರಡು ಲೋಟ ನೀರಿನಲ್ಲಿ ಅರ್ಧ ಲೋಟ ಉಳಿಯುವವರೆಗೆ ಸಣ್ಣ ಉರಿಯಲ್ಲಿ ಕುದಿಸಿ, ಚಿಟಿಕೆ ಒಣಶುಂಠಿ ಸೇರಿಸಿ, ಉಗುರುಬೆಚ್ಚಗೆ ಕುಡಿಯುವುದು. ಎರಡನ್ನೂ ಒಟ್ಟಿಗೆ ಮಾಡುವ ಅಗತ್ಯವಿಲ್ಲ. ಮಾತ್ರೆ ತೆಗೆದುಕೊಳ್ಳುವವರು, ಅದರಲ್ಲೂ ಕಬ್ಬಿಣದ ಮಾತ್ರೆಯವರು, ಎರಡು ಗಂಟೆ ಅಂತರ ಇಡಬೇಕು. ಒಗರು ಅಂಶ ಕಬ್ಬಿಣವನ್ನು ಹಿಡಿದುಬಿಡುತ್ತದೆ. ಸಕ್ಕರೆ ಕಾಯಿಲೆಯವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಬಳಸಲಿ.

ಆದರೆ ಆ ಸಂಜೆ ಆಯಿ ಮೊದಲು ತರಿಸಿದ್ದು ಬಿಲ್ವವನ್ನಲ್ಲ, ಓಆರ್‌ಎಸ್ ಪೊಟ್ಟಣವನ್ನು. ಭೇದಿಯಲ್ಲಿ ಜೀವಕ್ಕೆ ಕುತ್ತು ತರುವುದು ನೀರು ಮತ್ತು ಉಪ್ಪಿನ ನಷ್ಟ, ಅದನ್ನು ಬಿಲ್ವ ತುಂಬಿಕೊಡುವುದಿಲ್ಲ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಸಮ ಚಮಚ ಉಪ್ಪು. ಕಾಕಾ ರಾತ್ರಿಯಿಡೀ ಅದನ್ನು ಗುಟುಕು ಗುಟುಕಾಗಿ ಕುಡಿದರು, ಜೊತೆಗೆ ಎರಡು ಸಲ ಮಜ್ಜಿಗೆಯಲ್ಲಿ ಬಿಲ್ವದ ಪುಡಿ ತೆಗೆದುಕೊಂಡರು. ಮರುದಿನ ಮಧ್ಯಾಹ್ನಕ್ಕೆ ಭೇದಿ ಎರಡಕ್ಕೆ ಇಳಿದು, ಗಂಜಿ ಕೇಳಿದರು. ಬಿಲ್ವದಿಂದಲೇ ನಿಂತಿತು ಎಂದು ನಾನು ಆಣೆ ಮಾಡಲಾರೆ. ಸಾಧಾರಣ ಭೇದಿ ಒಂದೆರಡು ದಿನದಲ್ಲಿ ತಾನೇ ಇಳಿಯುವುದೂ ಉಂಟು.

ಮಲದಲ್ಲಿ ರಕ್ತ, ಜ್ವರ, ನಿಲ್ಲದ ವಾಂತಿ, ಆರೇಳು ಗಂಟೆ ಮೂತ್ರವಿಲ್ಲದಿರುವುದು, ಕಣ್ಣು ಗುಳಿಬಿದ್ದು ಮಂಪರು ಕವಿಯುವುದು, ಇವುಗಳಲ್ಲಿ ಒಂದು ಕಂಡರೂ ಕಷಾಯ ಕುದಿಸುತ್ತಾ ಕೂರದೆ ಆಸ್ಪತ್ರೆಗೆ ಹೊರಡಿ. ಎರಡು ದಿನ ಕಳೆದರೂ ನಿಲ್ಲದಿದ್ದರೂ ಅಷ್ಟೇ. ಎಳೆ ಮಕ್ಕಳ ಭೇದಿಗೆ ಈ ಮನೆಮದ್ದು ಬೇಡ. ಅವರಿಗೆ ತಾಯಿಹಾಲು, ಓಆರ್‌ಎಸ್ ಮತ್ತು ವೈದ್ಯರು ಕೊಡುವ ಸತುವಿನ ಮಾತ್ರೆ.

ಒಣಗಿಸಿದ ಬಿಲ್ಲೆಗಳನ್ನು ಗಾಜಿನ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟು, ಬೇಕಾದಾಗ ಬೇಕಾದಷ್ಟೇ ಪುಡಿ ಮಾಡಿಕೊಳ್ಳಿ. ಮೃಗಶಿರಾ ಮಳೆ ಹಿಡಿಯುವ ಮುಂಚೆ ಒಮ್ಮೆ ಡಬ್ಬಿಯನ್ನು ಅಲ್ಲಾಡಿಸಿ ನೋಡಿ. ಕಟಕಟ ಸದ್ದು ಬಂದರೆ ಸರಿ. ಮೆತ್ತಗಾಗಿದ್ದರೆ ಇನ್ನೊಂದು ದಿನ ಬಿಸಿಲಿಗೆ ಹಾಕಿ, ಬೂಸು ಬಂದಿದ್ದರೆ ತಿಪ್ಪೆಗೆ.