ಮೈಸೂರಲ್ಲಿ ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ? ಯೂನಿಟ್ ಕೈಕೊಡುವ ಒಂದು ಲೆಕ್ಕ

ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಮೈಸೂರು ಸುಮಾರು 760 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ ಹೆಚ್ಚುಕಮ್ಮಿ 92.5 ಕಿಲೋಪಾಸ್ಕಲ್. ಹಾಗಾದರೆ ಇಲ್ಲಿನ ಕುದಿಬಿಂದು ಎಷ್ಟು? ಯೂನಿಟ್‌ಗಳ ಪಾಠಕ್ಕೆ ನಾನು ಬಳಸುವುದು ಈ ಒಂದೇ ಲೆಕ್ಕ. ಕೆಮಿಸ್ಟ್ರಿ ಓದುವವರಿಗೂ ಕೊಡುತ್ತೇನೆ, ಮೆಕ್ಯಾನಿಕಲ್ ಡಿಪ್ಲೊಮಾ ಮಾಡುವವರಿಗೂ ಕೊಡುತ್ತೇನೆ. ಸೂತ್ರ ಇಬ್ಬರಿಗೂ ಒಂದೇ. ಆದರೆ ಒಬ್ಬರ ಪುಸ್ತಕದಲ್ಲಿ ಅಂಕಿಗಳು ಮೋಲ್ ಲೆಕ್ಕದಲ್ಲಿರುತ್ತವೆ, ಇನ್ನೊಬ್ಬರ ಸ್ಟೀಮ್ ಟೇಬಲ್‌ನಲ್ಲಿ ಕೆಜಿ ಲೆಕ್ಕದಲ್ಲಿ. ಅಲ್ಲೊಂದು ಇಲ್ಲೊಂದು ಅಂಕಿ ಹೆಕ್ಕಿ ಸೇರಿಸಿದಾಗ ಲೆಕ್ಕ ಕೆಡುತ್ತದೆ.

ಸೂತ್ರ ಕ್ಲಾಸಿಯಸ್–ಕ್ಲಾಪೆರಾನ್ ಅವರದು:

```
ln(P2/P1) = -(ΔH/R) × (1/T2 - 1/T1)
```

ΔH ಅಂದರೆ ನೀರು ಹಬೆಯಾಗಲು ಬೇಕಾದ ಉಷ್ಣ, R ಅನಿಲ ಸ್ಥಿರಾಂಕ, P ಒತ್ತಡ, T ಕೆಲ್ವಿನ್ ಲೆಕ್ಕದ ಕುದಿಬಿಂದು; 1 ಸಮುದ್ರಮಟ್ಟದ್ದು, 2 ಮೈಸೂರಿನದು. ಅಂಕಿ ಹಾಕುವ ಮೊದಲು ΔH/R ಅನ್ನೋ ತುಂಡನ್ನು ಬೇರೆ ತೆಗೆದು ನೋಡಬೇಕು. ಎಡಗಡೆಯ ಲಾಗರಿದಂಗೆ ಯೂನಿಟ್ ಇಲ್ಲ. ಬಲಗಡೆ ಕೊನೆಯಲ್ಲಿರುವುದು ಕೆಲ್ವಿನ್‌ನ ವಿಲೋಮ. ಆದ್ದರಿಂದ ΔH/R ಅಂದರೆ ಇಷ್ಟು ಕೆಲ್ವಿನ್ ಎಂದೇ ಬರಬೇಕು, ಬೇರೆ ಏನೇ ಉಳಿದರೂ ಎಲ್ಲೋ ತಪ್ಪಿದೆ. ನೀರಿಗೆ ಇದನ್ನು ಎರಡು ದಾರಿಯಲ್ಲಿ ಕಂಡುಹಿಡಿಯಬಹುದು:

```
40660 J/mol ÷ 8.314 J/(mol·K)    = 4890 K
2257 kJ/kg  ÷ 0.4615 kJ/(kg·K)   = 4890 K
```

ಎರಡನೆಯ ಸಾಲಿನ 0.4615 ಬೇರೆ ಯಾವುದೋ ಸ್ಥಿರಾಂಕವಲ್ಲ. 8.314ನ್ನು ನೀರಿನ ಮೋಲಾರ್ ದ್ರವ್ಯರಾಶಿ 18.015ರಿಂದ ಭಾಗಿಸಿದರೆ ಬರುವುದೇ ಅದು. ಮೆಕ್ಯಾನಿಕಲ್‌ನವರ ಪುಸ್ತಕದಲ್ಲಿ R ಪ್ರತಿ ಅನಿಲಕ್ಕೂ ಬೇರೆ: ಗಾಳಿಗೆ 0.287, ಹಬೆಗೆ 0.4615. ಕೆಮಿಸ್ಟ್ರಿಯವರ R ಎಲ್ಲ ಅನಿಲಕ್ಕೂ ಒಂದೇ. ಅಕ್ಷರ ಒಂದೇ ಆದ್ದರಿಂದ ಇವೆರಡು ಸುಲಭವಾಗಿ ಅದಲುಬದಲಾಗುತ್ತವೆ.

ಇನ್ನು ಲೆಕ್ಕ. 92.5ನ್ನು 101.325ರಿಂದ ಭಾಗಿಸಿ ಲಾಗ್ ತೆಗೆದರೆ −0.0911. ಅದನ್ನು 4890ರಿಂದ ಭಾಗಿಸಿ, ಚಿಹ್ನೆ ಬದಲಿಸಿ, 1/373.15ಕ್ಕೆ ಕೂಡಿಸಿದರೆ 0.0026985. ವಿಲೋಮ ತೆಗೆದರೆ 370.6 ಕೆಲ್ವಿನ್, ಅಂದರೆ ಸುಮಾರು 97.4 ಡಿಗ್ರಿ. ಸ್ಟೀಮ್ ಟೇಬಲ್‌ನಲ್ಲಿ 92.5 ಕಿಲೋಪಾಸ್ಕಲ್‌ಗೆ ನೋಡಿದರೂ ಇದೇ ಆಸುಪಾಸಿನ ಅಂಕಿ ಸಿಗುತ್ತದೆ.

ತಪ್ಪು ಉತ್ತರಗಳಿಂದ ಕಲಿಯುವುದು ಇನ್ನೂ ಹೆಚ್ಚು. ನಾನು ಉತ್ತರಪತ್ರಿಕೆ ನೋಡುವಾಗ ಅಂಕಿ ನೋಡಿಯೇ ಯಾವ ಯೂನಿಟ್ ಕೆಟ್ಟಿದೆ ಅಂತ ಹೇಳಬಹುದು, ಯಾಕೆಂದರೆ ಪ್ರತಿ ತಪ್ಪಿಗೂ ಅದರದೇ ಉತ್ತರವಿದೆ.

−226 ಡಿಗ್ರಿ ಬಂದಿದ್ದರೆ ಕಿಲೋಜೂಲ್‌ನಲ್ಲಿದ್ದ 40.66ನ್ನು ಜೂಲ್‌ನಲ್ಲಿದ್ದ 8.314ರಿಂದ ಭಾಗಿಸಿದ್ದಾರೆ. ಸಾವಿರದ ಈ ತಪ್ಪಿನ ಬಗ್ಗೆ ನನಗೆ ಚಿಂತೆಯಿಲ್ಲ, ಅದು ತಾನಾಗೇ ಬಯಲಾಗುತ್ತದೆ.

58.5 ಡಿಗ್ರಿ ಬಂದಿದ್ದರೆ ಸ್ಟೀಮ್ ಟೇಬಲ್‌ನ 2257ಕ್ಕೆ ಕೆಮಿಸ್ಟ್ರಿಯ 8.314 ಸೇರಿದೆ, ಅಂದರೆ ಕೆಜಿಗೆ ಮೋಲ್ ಬೆರೆತಿದೆ. ΔH/R 4890 ಆಗುವ ಬದಲು 271 ಆಗಿರುತ್ತದೆ, ಹದಿನೆಂಟರಲ್ಲೊಂದು ಪಾಲು. ಕಾಗದದ ಮೇಲೆ 58.5 ಅಂಥ ವಿಚಿತ್ರವಾಗಿ ಕಾಣುವುದಿಲ್ಲ. ಆದರೆ ಆ ಬಿಸಿಯಲ್ಲಿ ನೀರು ಕುದಿಯುವುದಾದರೆ ಮೈಸೂರಿನಲ್ಲಿ ಕುಕ್ಕರ್ ಇಲ್ಲದೆ ಅನ್ನ ಬೇಯುತ್ತಿರಲಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು 99.97 ಡಿಗ್ರಿ. ಇಲ್ಲಿ 40,660 ಜೂಲ್ ಸರಿಯಾಗಿಯೇ ಇದೆ. R ಮಾತ್ರ 0.0821, ಅಂದರೆ ಲೀಟರ್-ಅಟ್ಮಾಸ್ಫಿಯರ್‌ನದು. ಅನಿಲದ PV = nRT ಲೆಕ್ಕ ಮಾಡಿ ಮಾಡಿ ಆ ಅಂಕಿ ಬೆರಳ ತುದಿಯಲ್ಲಿ ಕೂತಿರುತ್ತದೆ. ಉತ್ತರ 100ಕ್ಕಿಂತ ಚೂರು ಕಡಿಮೆ, ದಿಕ್ಕೂ ಸರಿ. ನೋಡಿದವರು ‘ಎತ್ತರಕ್ಕೆ ಹೋದರೆ ಕುದಿಬಿಂದು ಇಳಿಯುತ್ತದೆ, ಹೌದು’ ಅಂತ ಮುಂದೆ ಹೋಗುತ್ತಾರೆ. ಲೆಕ್ಕ ಮಾಡಿದವರು ಇದನ್ನು ಉತ್ತರ ನೋಡಿ ಹಿಡಿಯಲಾರರು. ΔH/R ಬೇರೆ ಬರೆದಿದ್ದರೆ ಮಾತ್ರ ಅಲ್ಲಿ ಜೂಲ್ ಮೇಲೆ, ಲೀಟರ್-ಅಟ್ಮಾಸ್ಫಿಯರ್ ಕೆಳಗೆ ಹಾಗೇ ಉಳಿದಿರುವುದು ಕಾಣುತ್ತದೆ. ಆ ತುಂಡನ್ನು ಬೇರೆ ತೆಗೆಯಿರಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಕೆಜಿಯಿಂದ ಮೋಲ್‌ಗೆ ಬರುವಾಗ ಇನ್ನೊಂದು ಗುಂಡಿ ಇದೆ. 2257ನ್ನು 18.015ರಿಂದ ಗುಣಿಸಿದರೆ 40,660 ಬರುತ್ತದೆ. ಅದರ ಮುಂದೆ ‘ಕಿಲೋಜೂಲ್ ಪ್ರತಿ ಮೋಲ್’ ಅಂತ ಬರೆಯುವವರು ಬಹಳ. ಶುರುವಾದದ್ದು ಕಿಲೋಜೂಲ್‌ನಿಂದ, ಆದ್ದರಿಂದ ಮುಗಿಯುವುದೂ ಕಿಲೋಜೂಲ್‌ನಲ್ಲೇ ಅನ್ನುವ ಭಾವನೆ. ನಾನು ಮೊದಲ ಸಾಲಲ್ಲೇ ಕಿಲೋಜೂಲ್ ಪ್ರತಿ ಕೆಜಿಯನ್ನು ಜೂಲ್ ಪ್ರತಿ ಗ್ರಾಂ ಎಂದು ಬರೆದುಕೊಳ್ಳುತ್ತೇನೆ. ಮೇಲೊಂದು ಸಾವಿರ, ಕೆಳಗೊಂದು ಸಾವಿರ, ಎರಡೂ ಹೊಡೆದುಹೋಗುವುದರಿಂದ ಅಂಕಿ ಬದಲಾಗುವುದಿಲ್ಲ. ಆಮೇಲೆ 2257 ಜೂಲ್ ಪ್ರತಿ ಗ್ರಾಂ ಗುಣಿಸು 18.015 ಗ್ರಾಂ ಪ್ರತಿ ಮೋಲ್, ಗ್ರಾಂ ಹೊಡೆದರೆ ಉಳಿಯುವುದು ಜೂಲ್ ಪ್ರತಿ ಮೋಲ್. ಗುಣಿಸಬೇಕೋ ಭಾಗಿಸಬೇಕೋ ಎಂಬ ಗೊಂದಲವೂ ಅಲ್ಲೇ ತೀರುತ್ತದೆ, ಭಾಗಿಸಿದರೆ ಗ್ರಾಂ ಹೊಡೆಯುವುದೇ ಇಲ್ಲ.

ಈಗ ಲೀಟರ್-ಅಟ್ಮಾಸ್ಫಿಯರ್‌ಗೆ ಬರೋಣ. ಅದೇ ನೀರು, ಅದೇ 100 ಡಿಗ್ರಿ, ಪ್ರಶ್ನೆ ಬೇರೆ: ಒಂದು ಮೋಲ್ ನೀರು ಹಬೆಯಾದಾಗ ಆಂತರಿಕ ಶಕ್ತಿ ಎಷ್ಟು ಹೆಚ್ಚುತ್ತದೆ? ΔHನಿಂದ ಹಬೆ ಹಿಗ್ಗಲು ಮಾಡಿದ ಕೆಲಸ PΔVಯನ್ನು ಕಳೆಯಬೇಕು. ದ್ರವದ ಗಾತ್ರ ಬರೀ 0.019 ಲೀಟರ್, ಅದನ್ನು ಬಿಡಬಹುದು. ಹಬೆಯದು ಆದರ್ಶ ಅನಿಲದ ಲೆಕ್ಕದಲ್ಲಿ 30.6 ಲೀಟರ್. ಒತ್ತಡ 1 ಅಟ್ಮಾಸ್ಫಿಯರ್. ಕೆಲಸ 30.6 ಲೀಟರ್-ಅಟ್ಮಾಸ್ಫಿಯರ್. ಇಲ್ಲಿಯವರೆಗೆ ಎಲ್ಲ ಸರಿ.

ಮುಂದಿನ ಸಾಲಿನಲ್ಲಿ ಎರಡು ಬಗೆಯ ತಪ್ಪಾಗುತ್ತದೆ. 40.66ರಿಂದ 30.6 ಕಳೆದು 10 ಕಿಲೋಜೂಲ್ ಅನ್ನುವುದು ಒಂದು. 40,660ರಿಂದ 30.6 ಕಳೆದು 40,629 ಜೂಲ್ ಅನ್ನುವುದು ಇನ್ನೊಂದು. ಎರಡನೆಯದು ಯಾರ ಕಣ್ಣಿಗೂ ಬೀಳದೆ ದಾಟಿಹೋಗುತ್ತದೆ. ಸರಿಯಾದ ದಾರಿ:

```
1 L·atm = 0.001 m³ × 101325 Pa = 101.325 J
30.62 L·atm × 101.325 = 3102 J
ΔU = 40660 - 3102 = 37558 J/mol
```

101.325 ಮರೆತುಹೋದರೆ ಎರಡು R ಸಾಕು. 8.314ನ್ನು 0.0821ರಿಂದ ಭಾಗಿಸಿದರೆ 101.3 ಬರುತ್ತದೆ. ಒಂದೇ ಸ್ಥಿರಾಂಕವನ್ನು ಎರಡು ಯೂನಿಟ್‌ನಲ್ಲಿ ಬರೆದಿರುವುದರಿಂದ ಆ ಎರಡರ ಅನುಪಾತವೇ ಪರಿವರ್ತನೆಯ ಅಂಕಿ.

ಉತ್ತರದ ಮೇಲೆ ಕಣ್ಣಾಡಿಸಲು ಒಂದು ಅಳತೆ ಇಟ್ಟುಕೊಳ್ಳಬಹುದು. ಒಂದು ಅಟ್ಮಾಸ್ಫಿಯರ್‌ನಲ್ಲಿ ಕುದಿಯುವ ಸಾಮಾನ್ಯ ದ್ರವಗಳಿಗೆ ಆವೀಕರಣದ ಎಂಟ್ರೊಪಿ, ಅಂದರೆ ΔHನ್ನು ಕೆಲ್ವಿನ್ ಲೆಕ್ಕದ ಕುದಿಬಿಂದುವಿನಿಂದ ಭಾಗಿಸಿದ್ದು, ಮೋಲ್‌ಗೆ 85ರಿಂದ 90 ಜೂಲ್ ಪ್ರತಿ ಕೆಲ್ವಿನ್ ಇರುತ್ತದೆ. ನೀರಿಗೆ ಹೈಡ್ರೊಜನ್ ಬಂಧದಿಂದಾಗಿ 109. ಹಿಗ್ಗುವ ಕೆಲಸ RT ಆದ್ದರಿಂದ ಅದರ ಪಾಲು 8.3. ಅಂದರೆ ಕಳೆಯುವ ಅಂಕಿ ಮೂಲದ ಹತ್ತನೇ ಒಂದು ಪಾಲಿನ ಆಸುಪಾಸು, ನೀರಿಗೆ 7.6 ಶೇಕಡಾ. ಕಳೆದ ಮೇಲೆ ಮುಕ್ಕಾಲು ಪಾಲು ಹೋಗಿದ್ದರೂ ತಪ್ಪು, ಏನೂ ಹೋಗದಿದ್ದರೂ ತಪ್ಪು.

ಇದನ್ನೇ ಸ್ಟೀಮ್ ಟೇಬಲ್‌ನಿಂದ ಪರೀಕ್ಷಿಸಿದರೆ ಚಿಕ್ಕದೊಂದು ವ್ಯತ್ಯಾಸ ಕಾಣುತ್ತದೆ, ಅದನ್ನು ಯೂನಿಟ್ ತಪ್ಪೆಂದು ತಿಳಿಯಬಾರದು. ಅಲ್ಲಿ ಹಬೆಯ ಗಾತ್ರ ಕೆಜಿಗೆ 1.673 ಘನಮೀಟರ್, ಅಂದರೆ ಮೋಲ್‌ಗೆ 30.14 ಲೀಟರ್. ಆದರ್ಶ ಅನಿಲದ 30.62ಕ್ಕಿಂತ ಒಂದೂವರೆ ಶೇಕಡಾದಷ್ಟು ಕಡಿಮೆ. ಹಬೆಯ ಅಣುಗಳು ಒಂದನ್ನೊಂದು ಸೆಳೆಯುವುದರಿಂದ ಹೀಗಾಗುತ್ತದೆ. ΔH/R, PΔV ಅಂಥ ತುಂಡುಗಳಲ್ಲಿ ಯೂನಿಟ್ ತಪ್ಪು ಇಷ್ಟು ಸಣ್ಣದಾಗಿ ಬರುವುದಿಲ್ಲ. ಅದು ಬಂದರೆ 18ರ ಪಟ್ಟಿನಲ್ಲಿ, 101ರ ಪಟ್ಟಿನಲ್ಲಿ, ಸಾವಿರದ ಪಟ್ಟಿನಲ್ಲಿ ಬರುತ್ತದೆ. ಆದ್ದರಿಂದ ಎರಡು ಉತ್ತರ ಹೊಂದದಿದ್ದಾಗ ನಾನು ಮೊದಲು ಆ ತುಂಡುಗಳ ಅನುಪಾತ ತೆಗೆಯುತ್ತೇನೆ.

ಇದಕ್ಕೆ ಹೊರತಾದದ್ದು ಅಟ್ಮಾಸ್ಫಿಯರ್ ಎಂಬ ಹೆಸರಿನಿಂದಲೇ ಆಗುವ ತಪ್ಪು. ಯೂನಿಟ್ ಆಗಿ 1 ಅಟ್ಮಾಸ್ಫಿಯರ್ ಎಂದರೆ 101.325 ಕಿಲೋಪಾಸ್ಕಲ್, ಎಲ್ಲಿದ್ದರೂ ಅಷ್ಟೇ. ಮೈಸೂರಿನ ಲ್ಯಾಬಿನಲ್ಲಿ ತೆರೆದಿಟ್ಟ ಪಾತ್ರೆಯ ಮೇಲಿರುವುದು 0.913 ಅಟ್ಮಾಸ್ಫಿಯರ್. ಗಾಳಿಯ ಎದುರು ಅನಿಲ 5 ಲೀಟರ್ ಹಿಗ್ಗಿದರೆ ಇಲ್ಲಿ ಆಗುವ ಕೆಲಸ 462 ಜೂಲ್, ಪುಸ್ತಕ ಹೇಳುವ 507 ಅಲ್ಲ. ನಾನಂತೂ ಲ್ಯಾಬ್ ಲೆಕ್ಕದಲ್ಲಿ ಅಟ್ಮಾಸ್ಫಿಯರ್ ಮುಟ್ಟುವುದಿಲ್ಲ. ಕಿಲೋಪಾಸ್ಕಲ್ ಗುಣಿಸು ಲೀಟರ್ ನೇರ ಜೂಲ್ ಕೊಡುತ್ತದೆ, ಯಾವ ಪರಿವರ್ತನೆಯೂ ಬೇಡ. ಕಿಲೋಪಾಸ್ಕಲ್ ಗುಣಿಸು ಘನಮೀಟರ್ ಆದರೆ ಕಿಲೋಜೂಲ್.

ನೀರು ಕುದಿಯುವ ಲೆಕ್ಕದಲ್ಲಿ ಮಾತ್ರ ಒಂದು ಎಚ್ಚರ ಬೇಕು. ಒತ್ತಡವನ್ನು 0.913ಕ್ಕೆ ಇಳಿಸಿ ಗಾತ್ರವನ್ನು 30.6ರಲ್ಲೇ ಬಿಟ್ಟರೆ ಕೆಲಸ 2,830 ಜೂಲ್ ಎಂದು ಬರುತ್ತದೆ, ಅದು ತಪ್ಪು. ಒತ್ತಡ ಇಳಿದಾಗ ಹಬೆ 33.3 ಲೀಟರ್‌ಗೆ ಹಿಗ್ಗುತ್ತದೆ. ಗುಣಲಬ್ಧ 3,081 ಜೂಲ್, ಸಮುದ್ರಮಟ್ಟಕ್ಕಿಂತ ಒಂದು ಶೇಕಡಾಕ್ಕಿಂತಲೂ ಕಡಿಮೆ ವ್ಯತ್ಯಾಸ.

ಬಾಯ್ಲರ್ ಕಡೆ ಹೋಗುವವರಿಗೆ ಇದೇ ತಪ್ಪು ಗೇಜಿನ ರೂಪದಲ್ಲಿ ಎದುರಾಗುತ್ತದೆ. ಮಂಡ್ಯದ ಸುತ್ತ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲನ್ನು ಇಂಗಿಸುವ ಹಬೆಯ ಗೇಜು 1.5 ಕೆಜಿ ಪ್ರತಿ ಚದರ ಸೆಂಟಿಮೀಟರ್ ತೋರಿಸುತ್ತಿದೆ ಎಂದಿಟ್ಟುಕೊಳ್ಳಿ. ಈ ಕೆಜಿ ಬಲದ ಕೆಜಿ, ಒಂದಕ್ಕೆ 98.07 ಕಿಲೋಪಾಸ್ಕಲ್. ಒಟ್ಟು 147. ಗೇಜು ಸೊನ್ನೆ ತೋರುವುದು ಹೊರಗಿನ ಗಾಳಿಯ ಒತ್ತಡಕ್ಕೆ, ಆದ್ದರಿಂದ ಮಂಡ್ಯದ ಸುಮಾರು 93.4ನ್ನು ಕೂಡಿಸಬೇಕು. ಬಂದದ್ದು 240 ಕಿಲೋಪಾಸ್ಕಲ್, ಟೇಬಲ್‌ನಲ್ಲಿ ಅದಕ್ಕೆ 126 ಡಿಗ್ರಿ. ಕೂಡಿಸದೆ 147ಕ್ಕೇ ನೋಡಿದರೆ 111 ಡಿಗ್ರಿ ಸಿಗುತ್ತದೆ. ಗುಪ್ತೋಷ್ಣದಲ್ಲಿ ಇದರಿಂದಾಗುವ ವ್ಯತ್ಯಾಸ ಎರಡು ಶೇಕಡಾ ಮಾತ್ರ, ಹಾಗಾಗಿ ಹಬೆ ಎಷ್ಟು ಕೆಜಿ ಬೇಕೆಂಬ ಲೆಕ್ಕದಲ್ಲಿ ತಪ್ಪು ಗೊತ್ತೇ ಆಗುವುದಿಲ್ಲ. ಉಷ್ಣ ಹರಿಯುವ ಲೆಕ್ಕದಲ್ಲಿ ಹಾಗಲ್ಲ: ಹಾಲು 105 ಡಿಗ್ರಿಗೆ ಕುದಿಯುತ್ತಿದ್ದರೆ ನಿಜವಾದ ಅಂತರ 21 ಡಿಗ್ರಿ, ಕಾಗದದ ಮೇಲಿನದು 6. ಬೇಕಾದ್ದಕ್ಕಿಂತ ಮೂರೂವರೆ ಪಟ್ಟು ದೊಡ್ಡ ಹೀಟಿಂಗ್ ಸರ್ಫೇಸ್ ಬೇಕೆಂದು ಲೆಕ್ಕ ಹೇಳುತ್ತದೆ.